ದಿನಾ ಫೋನ್ ಮಾಡುತ್ತಾರಲ್ಲ, ಇನ್ನೇನು ಬೇಕು?

ಗಂಡ ಗಲ್ಫ್‌ನಲ್ಲಿ, ಹೆಂಡತಿ ಮಕ್ಕಳು ಊರಿನಲ್ಲಿ ಇರುವ ಮನೆಗಳು ಭಟ್ಕಳದಿಂದ ಉಳ್ಳಾಲದವರೆಗಿನ ಕರಾವಳಿಯಲ್ಲಿ ಎಷ್ಟು ಸಾಮಾನ್ಯವೆಂದರೆ, ಅದನ್ನೊಂದು ವಿಶೇಷ ಸ್ಥಿತಿ ಎಂದು ಯಾರೂ ಎಣಿಸುವುದಿಲ್ಲ. ಹೆಣ್ಣು ನೋಡುವ ಹೊತ್ತಿಗೆ ‘ಹುಡುಗ ಫಾರಿನ್‌ನಲ್ಲಿದ್ದಾನೆ’ ಎಂಬುದು ದೊಡ್ಡ ಅರ್ಹತೆಯಾಗಿ ಮುಂದೆ ಬರುತ್ತದೆ. ಮದುವೆಯಾದ ಮೇಲೆ ಹುಡುಗಿ ಎಲ್ಲಿರುತ್ತಾಳೆ ಎಂಬ ಪ್ರಶ್ನೆ ಅಷ್ಟು ಬೇಗ ಬರುವುದಿಲ್ಲ. ಬಂದರೂ ಸಮಾಧಾನ ಸಿದ್ಧವಾಗಿದೆ: ಈಗ ಮೊದಲಿನ ಹಾಗಲ್ಲ, ಮೊಬೈಲ್ ಇದೆ, ದಿನಾ ಮುಖ ನೋಡಿ ಮಾತಾಡಬಹುದು, ತಿಂಗಳಿಗೆ ಸರಿಯಾಗಿ ದುಡ್ಡು ಬರುತ್ತದೆ, ವರ್ಷಕ್ಕೋ ಎರಡು ವರ್ಷಕ್ಕೋ ರಜೆಗೆ ಬರುತ್ತಾರೆ, ಇನ್ನೇನು ಬೇಕು? ಈ ಸಮಾಧಾನವನ್ನು ಹೇಳುವವರು ಕೆಟ್ಟವರಲ್ಲ. ಆದರೆ ಅವರು ಲೆಕ್ಕ ಹಾಕುವುದು ಮೂರನ್ನೇ: ಕರೆ, ಹಣ, ರಜೆ. ಈ ಮೂರೂ ಚೆನ್ನಾಗಿ ನಡೆಯುತ್ತಿರುವ ಮನೆಯಲ್ಲೇ ಗಂಡ ಹೆಂಡತಿ ಅಪರಿಚಿತರಾಗುತ್ತಾ ಹೋಗುವುದು, ಮಗ ಅಪ್ಪನ ಬಳಿ ಬೇಡಿಕೆಯ ಪಟ್ಟಿ ಬಿಟ್ಟರೆ ಬೇರೇನನ್ನೂ ಮಾತಾಡದಿರುವುದು ಹೇಗೆ ಎಂಬುದಕ್ಕೆ ಆ ಲೆಕ್ಕದಲ್ಲಿ ಉತ್ತರವಿಲ್ಲ. ಮನೆಯ ದೈನಂದಿನ ಕೆಲಸದಲ್ಲಿ, ಚಿಂತೆಯಲ್ಲಿ, ತೀರ್ಮಾನದಲ್ಲಿ ಪಾಲು ಇದ್ದವರ ನಡುವೆ ಮಾತ್ರ ಹತ್ತಿರತನ ಉಳಿಯುತ್ತದೆ ಎಂಬುದು ನನ್ನ ವಾದ. ನಮ್ಮ ರೂಢಿ ಆ ಪಾಲನ್ನೇ ಕತ್ತರಿಸಿ, ಅದರ ಜಾಗದಲ್ಲಿ ಕರೆಯನ್ನು ಇಟ್ಟುಬಿಟ್ಟಿದೆ.

ಅಷ್ಟು ಕಷ್ಟವಾದರೆ ಕುಟುಂಬವನ್ನೂ ಕರೆದುಕೊಂಡು ಹೋಗಲಿ ಎನ್ನುವವರಿಗೆ ಮೊದಲೇ ಒಂದು ಮಾತು. ಯುಎಇಯಲ್ಲಿ ಹೆಂಡತಿ ಮಕ್ಕಳಿಗೆ ವೀಸಾ ಮಾಡಿಸಲು ತಿಂಗಳಿಗೆ 4,000 ದಿರ್ಹಂ ಸಂಬಳ, ಇಲ್ಲವೇ 3,000 ದಿರ್ಹಂ ಜೊತೆಗೆ ವಸತಿ ಇರಬೇಕೆಂಬ ನಿಯಮವಿದೆ. ಸೌದಿಯಲ್ಲಿ 2017ರ ಜುಲೈಯಿಂದ ವಿದೇಶಿ ಕೆಲಸಗಾರರ ಪ್ರತಿ ಅವಲಂಬಿತರ ಮೇಲೆ ತಿಂಗಳಿಗೆ 100 ರಿಯಾಲ್ ಶುಲ್ಕ ಬಂತು. ಅದು ವರ್ಷಕ್ಕೆ ನೂರರಂತೆ ಏರಿ 2020ಕ್ಕೆ 400 ಆಯಿತು. ಹೆಂಡತಿ ಮತ್ತು ಇಬ್ಬರು ಮಕ್ಕಳೆಂದರೆ ತಿಂಗಳಿಗೆ 1,200 ರಿಯಾಲ್, ಅದೂ ಮನೆ ಬಾಡಿಗೆ ಮತ್ತು ಶಾಲೆಯ ಫೀಸು ಬಿಟ್ಟು. ಆ ವರ್ಷಗಳಲ್ಲಿ ಎಷ್ಟೋ ಮಂದಿ ಕುಟುಂಬವನ್ನು ಊರಿಗೆ ಕಳಿಸಿ ತಾವು ಬ್ಯಾಚುಲರ್ ರೂಮಿಗೆ ಮರಳಿದ್ದು ಪ್ರೀತಿ ಕಡಿಮೆಯಾಗಿ ಅಲ್ಲ. ಬೇರೆ ಬೇರೆ ಇರುವುದು ಹೆಚ್ಚಿನವರಿಗೆ ಆಯ್ಕೆಯಲ್ಲ, ಆದ್ದರಿಂದ ಹೇಗೆ ಇರುವುದು ಎಂಬ ಪ್ರಶ್ನೆಯೇ ಮುಖ್ಯ.

ಆ ದಿನನಿತ್ಯದ ಕರೆಯನ್ನು ಸ್ವಲ್ಪ ಹತ್ತಿರದಿಂದ ನೋಡಬೇಕು. ಉದಾಹರಣೆಗೆ ಒಂದು ಮನೆ ಇಟ್ಟುಕೊಳ್ಳೋಣ. ಗಂಡ ಸೌದಿಯ ಜುಬೈಲ್‌ನಲ್ಲಿ, ಕೆಲಸ ಬೆಳಗಿನ ಆರರಿಂದ ಸಂಜೆ ಐದರವರೆಗೆ. ಹೆಂಡತಿ ಬಂಟ್ವಾಳದ ಕಡೆ ಅತ್ತೆ ಮಾವನ ಜೊತೆ. ಮಗ ಏಳನೇ ತರಗತಿ, ಮಗಳಿಗೆ ನಾಲ್ಕು ವರ್ಷ. ಸೌದಿ ನಮಗಿಂತ ಎರಡೂವರೆ ಗಂಟೆ ಹಿಂದೆ. ಅವನು ರೂಮಿಗೆ ಬಂದು, ಸ್ನಾನ ಮಾಡಿ, ಸರದಿಯ ಅಡುಗೆ ಮುಗಿಸಿ ಫೋನ್ ಹಿಡಿಯುವಾಗ ಅಲ್ಲಿ ಏಳು, ಇಲ್ಲಿ ಒಂಬತ್ತೂವರೆ. ಮಗಳು ಮಲಗಿರುತ್ತಾಳೆ ಅಥವಾ ಹಟ ಮಾಡುತ್ತಿರುತ್ತಾಳೆ. ಮಗ ಆಕಳಿಸುತ್ತಾ ಬಂದು ‘ಊಟ ಆಯ್ತಾ, ಓದಿದ್ಯಾ, ಅಮ್ಮನ ಮಾತು ಕೇಳ್ತೀಯಾ’ ಎಂಬ ಮೂರು ಪ್ರಶ್ನೆಗೆ ಮೂರು ‘ಹ್ಞೂಂ’ ಹೇಳಿ ಫೋನನ್ನು ಅಜ್ಜಿಯ ಕೈಗೆ ಕೊಡುತ್ತಾನೆ. ಅಜ್ಜಿಗೆ ಮಂಡಿನೋವು ಹೇಳಲಿಕ್ಕಿದೆ, ಅಜ್ಜನಿಗೆ ತೋಟದ ಪಂಪು ಕೆಟ್ಟದ್ದು ಹೇಳಲಿಕ್ಕಿದೆ. ಕೊನೆಗೆ ಫೋನ್ ಹೆಂಡತಿಯ ಬಳಿ ಬರುವಾಗ ಜಗಲಿಯಲ್ಲಿ ಎಲ್ಲರೂ ಕೂತಿದ್ದಾರೆ, ಆ ಕಡೆಯೂ ಅದೇ ಕೋಣೆಯಲ್ಲಿ ಆರು ಜನ ಮಂಚದ ಮೇಲೆ ಕೂತಿದ್ದಾರೆ. ‘ಮತ್ತೆ?’ ಎಂದು ಅವನು, ‘ಏನಿಲ್ಲ’ ಎಂದು ಅವಳು. ಮಾತು ಮುಗಿಯಿತು. ಈ ಕರೆ ಮುನ್ನೂರ ಅರವತ್ತೈದು ದಿನವೂ ತಪ್ಪದೆ ಬಂದರೂ, ಅದರಲ್ಲಿ ಗಂಡ ಹೆಂಡತಿಯ ಮಾತು ಒಂದೂ ಇಲ್ಲ. ಯುಎಇಯಲ್ಲಾದರೆ ಇನ್ನೊಂದು ತೊಡಕು, ಅಲ್ಲಿ ವಾಟ್ಸಾಪ್ ಕರೆ ನಡೆಯುವುದಿಲ್ಲ, ಬೊಟಿಮ್‌ನಂಥ ಅನುಮತಿ ಪಡೆದ ಆ್ಯಪ್ ಹಾಕಿಕೊಳ್ಳಬೇಕು. ಆದರೆ ಅದು ಸಣ್ಣ ತೊಡಕು, ದೊಡ್ಡದು ಜಗಲಿಯದ್ದು.

ಸಣ್ಣ ಮಕ್ಕಳ ವಿಷಯದಲ್ಲಿ ವಿಡಿಯೊ ಕರೆ ಕೆಲಸಕ್ಕೆ ಬರುವುದೇ ಇಲ್ಲ ಎಂದು ನಾನು ಹೇಳುತ್ತಿಲ್ಲ. ಅಮೆರಿಕದ ಸಂಶೋಧಕರು 2014ರಲ್ಲಿ ಪ್ರಕಟಿಸಿದ ಒಂದು ಅಧ್ಯಯನದಲ್ಲಿ ಎರಡರಿಂದ ಎರಡೂವರೆ ವರ್ಷದ ಮಕ್ಕಳು ವಿಡಿಯೊ ಕರೆಯಲ್ಲಿ ಮಾತಾಡಿದವರಿಂದ ಹೊಸ ಕ್ರಿಯಾಪದಗಳನ್ನು ಕಲಿತರು, ಎದುರಿಗೆ ಕೂತು ಹೇಳಿಕೊಟ್ಟಷ್ಟೇ ಚೆನ್ನಾಗಿ. ಆದರೆ ಬೇರೆ ಮಗುವಿನ ಜೊತೆ ಆಡಿದ ಮಾತಿನ ವಿಡಿಯೊ ತೋರಿಸಿದಾಗ ಕಲಿಯಲಿಲ್ಲ. ಅಂದರೆ ಮಗುವಿಗೆ ಬೇಕಾದದ್ದು ಮುಖವಲ್ಲ, ತಾನು ಮಾಡಿದ್ದಕ್ಕೆ ತಕ್ಷಣ ಬರುವ ಪ್ರತಿಕ್ರಿಯೆ. ನಾಲ್ಕು ವರ್ಷದ ಹುಡುಗಿ ಬಣ್ಣದ ಪೆನ್ಸಿಲ್ ಹಿಡಿದು ಗೀಚುತ್ತಿರುವಾಗ ಅಪ್ಪ ಆ ಕಡೆ ತಾನೂ ಒಂದು ಕಾಗದದಲ್ಲಿ ಗೀಚಿ ತೋರಿಸಿದರೆ ಅದು ಆಟವಾಗುತ್ತದೆ. ಅವಳನ್ನು ಎಬ್ಬಿಸಿ ‘ಡ್ಯಾಡಿಗೆ ಟಾಟಾ ಮಾಡು’ ಎಂದರೆ ಅದು ಹಾಜರಿ ಹಾಕಿದಂತೆ. ಎರಡನೆಯದನ್ನು ಮಾಡಿಸುವ ಕೆಲಸವೂ ತಾಯಿಯದ್ದೇ ಎಂಬುದನ್ನು ಗಮನಿಸಬೇಕು: ಫೋನ್ ಹಿಡಿಯುವುದು, ಮಗುವನ್ನು ಕೂರಿಸುವುದು, ಅದು ಏನು ಹೇಳಿತೆಂದು ಬಿಡಿಸಿ ಹೇಳುವುದು. ಗಂಡನ ಕರೆ ಹೀಗೆ ಅವಳ ದಿನದ ಕೊನೆಯ ಮನೆಗೆಲಸವಾಗಿಬಿಡುತ್ತದೆ.

‘ಹಿಂದೆ ಪತ್ರದಲ್ಲೇ ಮೂರು ಮೂರು ವರ್ಷ ಕಳೆದವರಿದ್ದಾರೆ, ಅವರ ಸಂಸಾರ ಮುಳುಗಿತೇ’ ಎಂದು ಕೇಳುವವರಿದ್ದಾರೆ. ಕೆಲವು ಮುಳುಗಿದವು, ಹೆಚ್ಚಿನವು ತೇಲಿದವು. ಆದರೆ ಆ ಪತ್ರಕ್ಕೂ ಈ ಕರೆಗೂ ಇರುವ ವ್ಯತ್ಯಾಸ ಅವರ ಕಣ್ಣಿಗೆ ಬೀಳುವುದಿಲ್ಲ. ಎಪ್ಪತ್ತರ ದಶಕದಲ್ಲಿ ಕೇರಳದ ಎಸ್.ಎ. ಜಮೀಲ್ ಬರೆದು ಹಾಡಿದ ‘ದುಬೈ ಕತ್ತು’ ಹಾಡು ಗಲ್ಫ್‌ನಲ್ಲಿರುವ ಗಂಡನಿಗೆ ಹೆಂಡತಿ ಬರೆದ ಪತ್ರದ ರೂಪದಲ್ಲಿತ್ತು, ಅದಕ್ಕೆ ಗಂಡನ ಮಾರುತ್ತರದ ಹಾಡೂ ಬಂತು. ಅಷ್ಟು ಜನ ಅದನ್ನು ಕೇಳಿದ್ದು ಪತ್ರದಲ್ಲಿ ಅಂಥ ಮಾತಿಗೆ ಜಾಗವಿತ್ತು ಎಂಬ ಕಾರಣಕ್ಕೆ. ಓದು ಬಾರದವರು ಬೇರೆಯವರಿಂದ ಬರೆಸುತ್ತಿದ್ದರು, ನಿಜ. ಬರೆಯಬಲ್ಲವರಿಗಾದರೆ ಅದು ಒಬ್ಬರು ಒಬ್ಬರಿಗೆ ಬರೆದ ಕಾಗದ. ರಾತ್ರಿ ಎಲ್ಲರೂ ಮಲಗಿದ ಮೇಲೆ ಬರೆದು, ಬಾಗಿಲು ಹಾಕಿಕೊಂಡು ಓದಿದ್ದು. ಬರೆಯುವಾಗ ಯೋಚನೆಗೆ ಸಮಯವಿತ್ತು, ಓದುವಾಗ ಎರಡನೇ ಸಲ ಓದುವ ಅವಕಾಶವಿತ್ತು. ದಿನನಿತ್ಯದ ಕರೆ ಬಂದ ಮೇಲೆ ಪತ್ರ ನಿಂತಿತು, ಆದರೆ ಪತ್ರದ ಏಕಾಂತವನ್ನು ಕರೆಗೆ ಯಾರೂ ತಂದುಕೊಡಲಿಲ್ಲ. ಹಾಗಾಗಿ ಸಂಪರ್ಕ ಹೆಚ್ಚಾಗಿದ್ದೂ ಹೌದು, ಮಾತು ಕಡಿಮೆಯಾಗಿದ್ದೂ ಹೌದು.

ಈ ವಿಷಯದಲ್ಲಿ ಅತಿ ಹೆಚ್ಚು ಅಧ್ಯಯನವಾಗಿರುವುದು ಫಿಲಿಪ್ಪೀನ್ಸ್ ದೇಶದ ಕುಟುಂಬಗಳದ್ದು. ಬ್ರಿಟನ್ನಿನಲ್ಲಿ ದುಡಿಯುವ ಫಿಲಿಪಿನೋ ತಾಯಂದಿರನ್ನೂ ಊರಿನಲ್ಲಿ ಉಳಿದ ಅವರ ಮಕ್ಕಳನ್ನೂ ಮಾತಾಡಿಸಿ ಮಿರ್ಕಾ ಮಡಿಯಾನು ಮತ್ತು ಡೇನಿಯಲ್ ಮಿಲ್ಲರ್ 2012ರಲ್ಲಿ ಪುಸ್ತಕ ಬರೆದರು. ತಾಯಂದಿರಿಗೆ ಫೋನು, ವೆಬ್‌ಕ್ಯಾಮು ದೊಡ್ಡ ವರ. ತಾವು ಮತ್ತೆ ತಾಯಿಯಾದೆವು ಎಂಬ ಭಾವನೆ. ಅದೇ ಕರೆಗಳ ಬಗ್ಗೆ ಮಕ್ಕಳನ್ನು ಕೇಳಿದರೆ ಅಷ್ಟು ಉತ್ಸಾಹವಿಲ್ಲ. ಮುಖ್ಯವಾಗಿ, ತೀರ ಚಿಕ್ಕವರಿದ್ದಾಗ ತಾಯಿ ಹೋಗಿದ್ದ ಮಕ್ಕಳಿಗೆ ಆ ಕರೆಗಳು ಗೊಂದಲವನ್ನೂ ತಂದಿದ್ದವು. ಕರೆ ಮಾಡಿದವರಿಗೆ ಆಗುವ ತೃಪ್ತಿಯನ್ನು ಕರೆ ಎತ್ತಿಕೊಂಡವರ ತೃಪ್ತಿ ಎಂದು ಎಣಿಸುವಂತಿಲ್ಲ ಎಂಬುದು ನಮಗೆ ಇಲ್ಲಿ ಸಿಗುವ ಪಾಠ. ‘ನಾನು ದಿನಾ ಫೋನ್ ಮಾಡುತ್ತೇನೆ’ ಎಂದು ಎದೆ ತಟ್ಟಿಕೊಳ್ಳುವ ಗಂಡಸಿನ ಮಾತು ಸುಳ್ಳಲ್ಲ, ಅದು ಅರ್ಧ ಸಾಕ್ಷಿ ಅಷ್ಟೆ.

ಇನ್ನು ನಮ್ಮ ರೂಢಿಗಳಲ್ಲಿ ಎಲ್ಲಕ್ಕಿಂತ ಗೌರವಾನ್ವಿತವಾದ, ನನ್ನ ದೃಷ್ಟಿಯಲ್ಲಿ ಎಲ್ಲಕ್ಕಿಂತ ಹಾನಿಕರವಾದ ಒಂದಕ್ಕೆ ಬರುತ್ತೇನೆ. ‘ಪಾಪ, ಅಷ್ಟು ದೂರ ಇದ್ದಾರೆ, ಅವರಿಗ್ಯಾಕೆ ಟೆನ್ಷನ್ ಕೊಡುವುದು?’ ಮಗ ಗಣಿತದಲ್ಲಿ ಹಿಂದೆ ಬಿದ್ದದ್ದು, ಮಗಳಿಗೆ ಎರಡು ದಿನ ಜ್ವರ ಬಂದು ಡ್ರಿಪ್ಸ್ ಹಾಕಿಸಿದ್ದು, ಅತ್ತೆಯೊಡನೆ ಮಾತು ಬಿಟ್ಟದ್ದು ಯಾವುದನ್ನೂ ಹೇಳಬಾರದು. ಆ ಕಡೆಯಿಂದಲೂ ಅಷ್ಟೆ: ಎರಡು ತಿಂಗಳ ಸಂಬಳ ಬಂದಿಲ್ಲ, ರೂಮಿನವರಿಂದ ಸಾಲ ತೆಗೆದು ಕಳಿಸುತ್ತಿದ್ದೇನೆ ಎಂಬುದನ್ನು ಹೆಂಡತಿಗೆ ಹೇಳಬಾರದು. ಇಬ್ಬರೂ ಪ್ರೀತಿಯಿಂದಲೇ ಮುಚ್ಚಿಡುತ್ತಾರೆ. ಫಲವೇನೆಂದರೆ, ಅವನ ತಲೆಯಲ್ಲಿರುವ ಮನೆ ಅವನು ಬಿಟ್ಟು ಬಂದ ದಿನದ ಮನೆ. ಅವಳ ತಲೆಯಲ್ಲಿರುವ ದುಬೈ ಫೋಟೋದಲ್ಲಿ ನೋಡಿದ ದುಬೈ. ಮಕ್ಕಳು ಇದರಿಂದ ಏನು ಕಲಿಯುತ್ತಾರೆ ಎಂಬುದು ಇನ್ನೂ ಗಂಭೀರ. ಕರೆ ಬರುವ ಮುಂಚೆ ‘ಅಪ್ಪನಿಗೆ ಮಾರ್ಕ್ಸ್ ವಿಷಯ ಹೇಳಬೇಡ’ ಎಂದು ತಾಯಿಯೇ ಹೇಳಿಕೊಟ್ಟ ಮೇಲೆ, ಅಪ್ಪ ಎಂದರೆ ನಿಜ ಹೇಳಬಾರದ ಮನುಷ್ಯ ಎಂದು ಹುಡುಗ ತಿಳಿಯುತ್ತಾನೆ. ಆಮೇಲೆ ಅಪ್ಪನೊಡನೆ ಮಾತಾಡಲು ಉಳಿಯುವುದು ಸೈಕಲ್ಲು, ಶೂಸು, ಮೊಬೈಲು. ಮಗ ಬೇಡಿಕೆಗೆ ಮಾತ್ರ ಬಾಯಿ ತೆರೆಯುತ್ತಾನೆ ಎಂದು ದೂರುವ ತಂದೆ, ಉಳಿದ ಬಾಗಿಲುಗಳನ್ನೆಲ್ಲ ಮುಚ್ಚಿದವರು ದೊಡ್ಡವರೇ ಎಂಬುದನ್ನು ನೋಡಬೇಕು.

ಈ ರೂಢಿಯ ಪರವಾಗಿ ಇರುವ ಒಂದೇ ಗಟ್ಟಿ ವಾದವೆಂದರೆ, ದೂರದಲ್ಲಿರುವವನು ಏನೂ ಮಾಡಲಾರದೆ ರಾತ್ರಿಯಿಡೀ ಒದ್ದಾಡುತ್ತಾನೆ, ಮರುದಿನ ಎತ್ತರದಲ್ಲೋ ಯಂತ್ರದ ಬಳಿಯೋ ಕೆಲಸ ಮಾಡುವಾಗ ಅಪಾಯವಾದರೆ? ಇದನ್ನು ತಳ್ಳಿಹಾಕಲಾಗದು. ಆದರೆ ಇದರಿಂದ ಸಿದ್ಧವಾಗುವುದು ಹೇಳುವ ಹೊತ್ತಿನ ಬಗ್ಗೆ ವಿವೇಕ ಬೇಕೆಂಬುದು, ಹೇಳಲೇಬಾರದೆಂಬುದಲ್ಲ. ಜ್ವರ ಏರಿದ ರಾತ್ರಿ ಹೇಳದೆ, ಡಾಕ್ಟರು ನೋಡಿ ಔಷಧಿ ಕೊಟ್ಟ ಮೇಲೆ ಹೇಳಬಹುದು; ವಾರದ ರಜೆಯ ಹಿಂದಿನ ಸಂಜೆ ಕಷ್ಟದ ಮಾತು ಎತ್ತಬಹುದು. ಹೇಳುವಾಗ ಏನಾಯಿತು, ನಾನೇನು ಮಾಡಿದೆ, ನಿಮ್ಮಿಂದ ಏನಾಗಬೇಕು ಎಂಬ ಮೂರೂ ಇದ್ದರೆ ಕೇಳಿದವನಿಗೆ ಒದ್ದಾಟದ ಬದಲು ಒಂದು ಕೆಲಸ ಸಿಗುತ್ತದೆ. ಮುಚ್ಚಿಟ್ಟದ್ದು ಹೇಗೂ ಮುಚ್ಚಿ ಉಳಿಯುವುದಿಲ್ಲ. ಮೈದುನನೋ ಪಕ್ಕದ ಮನೆಯವರೋ ಫೋನಿನಲ್ಲಿ ಬಾಯಿ ಬಿಡುತ್ತಾರೆ. ಆಗ ಮಗಳಿಗೆ ಜ್ವರ ಬಂದದ್ದಕ್ಕಿಂತ ಹೆಂಡತಿ ಹೇಳದೇ ಹೋದದ್ದೇ ದೊಡ್ಡದಾಗುತ್ತದೆ. ಗಲ್ಫ್ ಮನೆಗಳ ಎಷ್ಟೋ ಸಂಶಯಗಳ ಬೇರು ಇಂಥ ಕರುಣೆಯ ಸುಳ್ಳಿನಲ್ಲಿದೆ.

ಹಾಗಾದರೆ ಪಾಲು ಎಂದರೆ ಏನು? ಅದೇ ಜುಬೈಲ್ ಮತ್ತು ಬಂಟ್ವಾಳದ ಮನೆಯ ಗಡಿಯಾರವನ್ನು ಮತ್ತೆ ನೋಡಿ. ರಾತ್ರಿ ಒಂಬತ್ತೂವರೆಯ ಕರೆ ಮಕ್ಕಳಿಗೆ ಅತ್ಯಂತ ಕೆಟ್ಟ ಹೊತ್ತು. ಆದರೆ ಬೆಳಿಗ್ಗೆ ಐದಕ್ಕೆ ಅವನು ಕಂಪನಿ ಬಸ್ಸಿನಲ್ಲಿ ಕೂತಾಗ ಇಲ್ಲಿ ಏಳೂವರೆ. ಮಗ ಯೂನಿಫಾರ್ಮ್ ಹಾಕಿಕೊಂಡು ಬ್ಯಾಗು ತುಂಬುತ್ತಿರುತ್ತಾನೆ. ಹತ್ತು ನಿಮಿಷ ಅಲ್ಲಿ ಸಿಗುತ್ತದೆ. ಶುಕ್ರವಾರ ಸೌದಿಯಲ್ಲಿ ರಜೆ, ಇಲ್ಲಿ ಶಾಲೆ. ಭಾನುವಾರ ಇಲ್ಲಿ ರಜೆ, ಅಲ್ಲಿ ಕೆಲಸ. ಆದರೆ ಶುಕ್ರವಾರ ಮಕ್ಕಳು ನಾಲ್ಕೂವರೆಗೆ ಮನೆಗೆ ಬಂದಾಗ ಅಲ್ಲಿ ಮಧ್ಯಾಹ್ನ ಎರಡು. ಅಲ್ಲಿಂದ ಇಲ್ಲಿನ ಊಟದ ಹೊತ್ತಿನವರೆಗೆ ಇಡೀ ವಾರದಲ್ಲೇ ಅವನಿಗೂ ಮಕ್ಕಳಿಗೂ ಒಟ್ಟಿಗೆ ಬಿಡುವಿರುವ ಅವಧಿ ಅದೊಂದೇ. ಬಹಳ ಮನೆಗಳಲ್ಲಿ ಆ ಹೊತ್ತು ಅವನ ನಿದ್ದೆಗೆ, ಇವರ ಟಿವಿಗೆ ಹೋಗುತ್ತದೆ. ಈಗ ಒಂದು ವಿಷಯವನ್ನು ಪೂರ್ತಿಯಾಗಿ ಅವನಿಗೆ ಬಿಟ್ಟುಕೊಡಿ: ಮಗನ ಗಣಿತ. ಹುಡುಗ ಸಂಜೆ ನೋಟ್‌ಬುಕ್ಕಿನ ಪುಟದ ಫೋಟೋ ತೆಗೆದು ಕಳಿಸುತ್ತಾನೆ. ಅಪ್ಪ ರಾತ್ರಿ ನೋಡಿ ಎಲ್ಲಿ ತಪ್ಪಿದೆ ಎಂದು ವಾಯ್ಸ್ ಮೆಸೇಜ್ ಹಾಕುತ್ತಾನೆ. ಬೆಳಗಿನ ಹತ್ತು ನಿಮಿಷದಲ್ಲಿ ಅದರ ಮಾತು. ಶುಕ್ರವಾರ ಒಂದು ಗಂಟೆ ಕೂತು ಹೊಸ ಪಾಠ. ಅಪ್ಪನಿಗೆ ಆ ಲೆಕ್ಕ ಬರುವುದಿಲ್ಲ, ಮಗ ಇಂಗ್ಲಿಷ್ ಮೀಡಿಯಂ ಎಂದರೆ, ಮಗನೇ ಅಪ್ಪನಿಗೆ ಹೇಳಿಕೊಡಲಿ. ಕಲಿಸುವವನಾದಾಗ ಹುಡುಗನಿಗೆ ತನಗೆ ತಿಳಿಯದ್ದು ಯಾವುದೆಂದು ತಾನಾಗಿ ತಿಳಿಯುತ್ತದೆ. ಶಾಲೆಯ ವಾಟ್ಸಾಪ್ ಗುಂಪಿನಲ್ಲಿ ಅಪ್ಪನ ನಂಬರು ಇರಲಿ, ಫೀಸಿನ ಕಂತು, ಮೆಸ್ಕಾಂ ಬಿಲ್ಲು, ಗ್ಯಾಸ್ ಬುಕಿಂಗ್, ಮಗಳ ಲಸಿಕೆಯ ತಾರೀಖು ಅವನ ನೆನಪಿನಲ್ಲಿರಲಿ. ಇವೆಲ್ಲ ಫೋನಿನಿಂದಲೇ ಆಗುವ ಕೆಲಸ. ಇಲ್ಲಿ ಮುಖ್ಯ ಶಬ್ದ ‘ಸಹಾಯ’ ಅಲ್ಲ. ನೆನಪಿಸುವ ಹೊಣೆಯೂ ಅವನದ್ದೇ ಆದಾಗ ಮಾತ್ರ ಅದು ಪಾಲು; ಅವಳು ನೆನಪಿಸಿ ಅವನು ಮಾಡಿದರೆ ಹೊರೆ ಅವಳಲ್ಲೇ ಉಳಿಯಿತು.

ಹನ್ನೊಂದು ಗಂಟೆ ಬಿಸಿಲಿನಲ್ಲಿ ದುಡಿದವನ ಮೇಲೆ ಇದನ್ನೂ ಹೇರುವುದು ಕ್ರೌರ್ಯವಲ್ಲವೇ? ಅವನ ದಣಿವನ್ನು ನಾನು ಕಡಿಮೆ ಮಾಡಿ ಹೇಳುವುದಿಲ್ಲ. ಆದರೆ ರೂಮಿಗೆ ಬಂದು ಅವನು ಎರಡು ಗಂಟೆ ರೀಲ್ಸ್ ನೋಡುವುದು ದಣಿವಿನಿಂದ ಮಾತ್ರ ಅಲ್ಲ, ತನ್ನ ಅಗತ್ಯ ಇನ್ನೆಲ್ಲೂ ಇಲ್ಲ ಎಂಬುದರಿಂದಲೂ ಹೌದು. ತನ್ನ ಮನೆಯಲ್ಲಿ ತಾನಿಲ್ಲದೆ ನಿಲ್ಲುವ ಒಂದು ಕೆಲಸವಿದೆ ಎಂಬ ತಿಳಿವು ಮನುಷ್ಯನನ್ನು ಹಿಡಿದು ನಿಲ್ಲಿಸುತ್ತದೆ. ಹಣ ಕಳಿಸುವ ಯಂತ್ರವಾಗಿದ್ದೇನೆ ಎಂಬ ದೂರು ಗಲ್ಫ್‌ನಲ್ಲಿ ಇರುವವರ ಬಾಯಲ್ಲೇ ಬರುವಂಥದ್ದು; ಆ ದೂರಿಗೆ ಔಷಧಿ ಇನ್ನಷ್ಟು ವಿಶ್ರಾಂತಿಯಲ್ಲ. ಇನ್ನೊಂದು ಆಕ್ಷೇಪ ಇದಕ್ಕಿಂತ ಗಟ್ಟಿಯಾದದ್ದು: ದೂರದಿಂದ ಪಾಲು ಕೊಟ್ಟರೆ ಅದು ದೂರದಿಂದ ಯಜಮಾನಿಕೆಯಾಗುತ್ತದೆ. ಮನೆಯಲ್ಲಿ ಸಿಸಿಟಿವಿ ಹಾಕಿಸಿ ಜುಬೈಲ್‌ನಿಂದ ‘ಗೇಟಿಗೆ ಬಂದದ್ದು ಯಾರು’ ಎಂದು ಕೇಳುವವರು, ಲೊಕೇಶನ್ ಕಳಿಸು ಎನ್ನುವವರು, ಪ್ರವಾಸಕ್ಕೆ ಮಗಳನ್ನು ಕಳಿಸಿದ್ದಕ್ಕೆ ವಾರಗಟ್ಟಲೆ ಮುನಿಸಿಕೊಳ್ಳುವವರು ಇದ್ದಾರೆ. ಇದು ನಿಜವಾದ ಅಪಾಯ. ಆದ್ದರಿಂದಲೇ ಪಾಲು ಎಂದರೆ ಕೆಲಸದ ಪಾಲು, ವೀಟೋ ಅಧಿಕಾರವಲ್ಲ ಎಂದು ಮೊದಲೇ ತೀರ್ಮಾನವಾಗಬೇಕು. ನಾಳೆಯೊಳಗೆ ಆಗಬೇಕಾದ್ದು ಮನೆಯಲ್ಲಿ ಇದ್ದವರ ತೀರ್ಮಾನ, ಅದನ್ನು ಆಮೇಲೆ ಕೆದಕಬಾರದು. ಶಾಲೆ ಬದಲಾಯಿಸುವುದು, ಜಾಗ ಕೊಳ್ಳುವುದು, ಸಾಲ ಕೊಡುವುದು ಇಬ್ಬರದು, ಅದಕ್ಕೆ ಕಾಯಬಹುದು. ಯಜಮಾನಿಕೆ ಬೇಕೆನ್ನುವವನು ಸಾಮಾನ್ಯವಾಗಿ ಗಣಿತದ ನೋಟ್‌ಬುಕ್ ಬೇಡ ಎನ್ನುತ್ತಾನೆ, ಗುರುತಿಸಲು ಅದೇ ಸಾಕು.

ಮನೆಯಲ್ಲಿದ್ದವಳಿಗೆ ತೀರ್ಮಾನದ ಅಧಿಕಾರ ನಿಜವಾಗಿ ಇದೆಯೇ ಎಂಬುದು ಯಾರ ಖಾತೆಗೆ ಹಣ ಬರುತ್ತದೆ ಎಂಬುದರಿಂದ ಗೊತ್ತಾಗುತ್ತದೆ. ಲೀಲಾ ಗುಲಾಟಿ 1993ರಲ್ಲಿ ಪ್ರಕಟಿಸಿದ ಕೇರಳದ ಅಧ್ಯಯನದಲ್ಲಿ, ಗಂಡ ಗಲ್ಫ್‌ಗೆ ಹೋದ ಮೇಲೆ ಬ್ಯಾಂಕು, ಕಚೇರಿ, ಸಾಲ ಎಲ್ಲವನ್ನೂ ತಾವೇ ನಿಭಾಯಿಸಲು ಕಲಿತ ಹೆಂಗಸರ ಚಿತ್ರಣವಿದೆ. ಅದನ್ನೇ ಹಿಡಿದು ‘ಗಂಡ ಹೊರಗಿದ್ದರೆ ಹೆಂಗಸರು ಸ್ವತಂತ್ರರಾಗುತ್ತಾರೆ’ ಎನ್ನುವ ಮಾತು ಚಾಲ್ತಿಗೆ ಬಂತು. ಆದರೆ ಸೊನಾಲ್ಡೆ ದೇಸಾಯಿ ಮತ್ತು ಮಂಜಿಷ್ಠಾ ಬ್ಯಾನರ್ಜಿ 2005ರ ಅಖಿಲ ಭಾರತ ಸಮೀಕ್ಷೆಯನ್ನು ಇಟ್ಟುಕೊಂಡು 2008ರಲ್ಲಿ ತೋರಿಸಿದ್ದು ಬೇರೆ: ಗಂಡ ವಲಸೆ ಹೋದಾಗ ಬೇರೆ ಮನೆ ಮಾಡಿಕೊಂಡಿರುವ ಹೆಂಗಸಿಗೆ ಓಡಾಟದ ಸ್ವಾತಂತ್ರ್ಯವೂ ಹೊಣೆಯೂ ಹೆಚ್ಚುತ್ತವೆ, ಆದರೆ ಕೂಡು ಕುಟುಂಬದಲ್ಲಿರುವವಳಿಗೆ ಆ ಬದಲಾವಣೆ ಕಾಣುವುದಿಲ್ಲ. ಅಂದರೆ ಗಂಡನ ಖಾಲಿ ಜಾಗವನ್ನು ಮಾವನೋ ಮೈದುನನೋ ತುಂಬುತ್ತಾರೆ. ಹಣ ಮಾವನ ಖಾತೆಗೆ ಬಂದು, ಮಗನ ಶೂಸಿಗೆ ಅವಳು ಕೈ ಚಾಚಬೇಕಾದ ಮನೆಯಲ್ಲಿ ಗಂಡ ಹೆಂಡತಿಯ ನಡುವೆ ಮೂರನೆಯವರು ನಿಂತಿದ್ದಾರೆ, ಎಷ್ಟೇ ಒಳ್ಳೆಯವರಾಗಿರಲಿ. ಮನೆಖರ್ಚಿನ ಹಣ ನೇರವಾಗಿ ಅವಳ ಹೆಸರಿನ ಉಳಿತಾಯ ಖಾತೆಗೆ ಬರಬೇಕು, ಅಪ್ಪ ಅಮ್ಮನಿಗೆ ಕೊಡುವುದು ಬೇರೆಯಾಗಿ ಅವರ ಖಾತೆಗೆ ಹೋಗಬೇಕು. ಜಗಳ ಕಡಿಮೆಯಾಗಲಿಕ್ಕೂ ಇದೇ ಒಳ್ಳೆಯದು.

ಕಾನೂನಿನ ಕಡೆಯಿಂದಲೂ ಇಲ್ಲಿ ತಿಳಿಯಬೇಕಾದದ್ದಿದೆ. 1956ರ ಹಿಂದೂ ಅಪ್ರಾಪ್ತವಯಸ್ಕರ ಪೋಷಕತ್ವ ಕಾಯ್ದೆಯಲ್ಲಿ ಮಗುವಿನ ಸಹಜ ಪೋಷಕ ತಂದೆ, ‘ಅವನ ನಂತರ’ ತಾಯಿ ಎಂದಿದೆ. ಮಗನ ಹೆಸರಿನಲ್ಲಿ ಬಾಂಡ್ ಕೊಳ್ಳಲು ಹೋದ ಲೇಖಕಿ ಗೀತಾ ಹರಿಹರನ್ ಅವರ ಸಹಿಯನ್ನು ರಿಸರ್ವ್ ಬ್ಯಾಂಕ್ ಒಪ್ಪದೆ ತಂದೆಯ ಸಹಿ ಕೇಳಿದಾಗ ಅವರು ಸುಪ್ರೀಂ ಕೋರ್ಟಿಗೆ ಹೋದರು. 1999ರ ತೀರ್ಪಿನಲ್ಲಿ ಕೋರ್ಟು, ‘ನಂತರ’ ಎಂದರೆ ತಂದೆ ಸತ್ತ ಮೇಲೆ ಎಂದಲ್ಲ, ತಂದೆಯ ಗೈರುಹಾಜರಿಯಲ್ಲಿ ಎಂದು ಅರ್ಥೈಸಿತು. ಗಂಡ ದೇಶದಲ್ಲೇ ಇಲ್ಲದ ಮನೆಗೆ ಇದಕ್ಕಿಂತ ಹತ್ತಿರದ ತೀರ್ಪಿಲ್ಲ. ಆದರೂ ಕೌಂಟರಿನಲ್ಲಿ ‘ಅಪ್ಪನ ಸಹಿ ಬೇಕು’ ಎಂದರೆ ಸುಮ್ಮನೆ ಹಿಂದಿರುಗುವವರೇ ಹೆಚ್ಚು. ಎಲ್ಲ ಧರ್ಮದವರಿಗೂ ಈ ಕಾಯ್ದೆ ಅನ್ವಯಿಸುವುದಿಲ್ಲ, ಹಾಗಾಗಿ ಅಧಿಕಾರ ಪತ್ರವನ್ನು ಎಲ್ಲರೂ ಮಾಡಿಟ್ಟುಕೊಳ್ಳುವುದು ಮೇಲು. ರಜೆಯಲ್ಲಿ ಬಂದಾಗಲೇ ಮಾಡಿಸಿದರೆ ಸುಲಭ. ವಿದೇಶದಲ್ಲಿ ಮಾಡಿಸುವುದಾದರೆ ಭಾರತೀಯ ಕಾನ್ಸುಲೇಟ್‌ನಲ್ಲಿ ದೃಢೀಕರಿಸಿ ಕಳಿಸಬೇಕು, ಅದು ಇಲ್ಲಿಗೆ ತಲುಪಿದ ಮೂರು ತಿಂಗಳೊಳಗೆ ಮುದ್ರಾಂಕ ಶುಲ್ಕ ಕಟ್ಟಬೇಕು. ಎಲ್ಲಕ್ಕೂ ಒಂದೇ ಪತ್ರ ಬರೆಯುವ ಬದಲು ಯಾವ ಕೆಲಸಕ್ಕೆ ಎಂದು ಸ್ಪಷ್ಟವಾಗಿ ಬರೆದದ್ದು ಕ್ಷೇಮ. ಇನ್ನೊಂದು ಅಪ್ರಿಯ ಸತ್ಯ: ಅಧಿಕಾರ ಕೊಟ್ಟವನು ತೀರಿಕೊಂಡ ಕ್ಷಣಕ್ಕೆ ಆ ಪತ್ರ ಮುಗಿಯಿತು. ಆದ್ದರಿಂದ ಅದು ನಾಮಿನಿಗೂ ಜಂಟಿ ಖಾತೆಗೂ ಬದಲಿಯಲ್ಲ.

ಗಂಡ ಹೆಂಡತಿಯ ಹತ್ತಿರತನದ ಬಗ್ಗೆ ನಮ್ಮಲ್ಲಿ ಯಾರೂ ಬಾಯಿ ಬಿಡುವುದಿಲ್ಲ, ಬಿಟ್ಟರೆ ತಮಾಷೆಯಾಗಿ. ಅವರಿಬ್ಬರಿಗೆ ವಾರಕ್ಕೆ ಎರಡು ಸಲವಾದರೂ ಬಾಗಿಲು ಹಾಕಿಕೊಂಡು ಮಾತಾಡುವ ಕರೆ ಬೇಕು, ಅದು ಮನೆಯವರ ಕರೆಗಿಂತ ಬೇರೆಯಾಗಿರಬೇಕು, ಅತ್ತೆ ಮಾವನಿಗೂ ಅದು ಗೊತ್ತಿರಬೇಕು. ಆ ಕಡೆ ಆರು ಜನರ ರೂಮಿನಲ್ಲಿ ಇರುವವನು ತಾರಸಿಗೋ ಬೀದಿಗೋ ಹೋಗುವುದು ಅನಿವಾರ್ಯ. ಬೇಸಿಗೆಯಲ್ಲಿ ಅದೂ ಕಷ್ಟ, ಆಗ ರೂಮಿನವರೊಂದಿಗೆ ಸರದಿ ಮಾಡಿಕೊಳ್ಳಬೇಕಾಗುತ್ತದೆ. ದೂರವಿದ್ದಾಗ ಒಬ್ಬರನ್ನೊಬ್ಬರು ಇರುವುದಕ್ಕಿಂತ ಚೆನ್ನಾಗಿ ಕಲ್ಪಿಸಿಕೊಳ್ಳುವುದು ಸಹಜ. ಲಾರಾ ಸ್ಟಾಫರ್ಡ್, ಆಂಡಿ ಮೆರೋಲಾ ಮತ್ತು ಸಂಗಡಿಗರು ಅಮೆರಿಕದ ಕಾಲೇಜು ಪ್ರೇಮಿಗಳ ಬಗ್ಗೆ 2006ರಲ್ಲಿ ಪ್ರಕಟಿಸಿದ ಅಧ್ಯಯನದಲ್ಲಿ, ದೂರವಿದ್ದು ಒಂದೇ ಊರಿಗೆ ಬಂದ ಜೋಡಿಗಳಲ್ಲಿ ಸುಮಾರು ಮೂರನೇ ಒಂದು ಭಾಗ ಮೂರು ತಿಂಗಳೊಳಗೆ ಬೇರೆಯಾಗಿದ್ದವು. ಅವರು ಮದುವೆಯಾದವರಲ್ಲ, ನಮ್ಮ ಮನೆಗಳಿಗೆ ಆ ಅಂಕಿ ಹೊಂದುವುದಿಲ್ಲ. ಆದರೆ ಅದರ ಹಿಂದಿನ ಕಾರಣ ಹೊಂದುತ್ತದೆ: ಕಲ್ಪನೆಯನ್ನು ಪೆಟ್ಟಿಗೆಯಲ್ಲಿ ಇಟ್ಟು ಬೆಳೆಸಿದವರಿಗೆ ನಿಜವಾದ ಮನುಷ್ಯ ಎದುರಾದಾಗ ಕಿರಿಕಿರಿಯಾಗುತ್ತದೆ.

ರಜೆಯಲ್ಲಿ ಆಗುವುದೇ ಅದು. ಮೂವತ್ತು ದಿನ ಸಿಕ್ಕಿತು ಎನ್ನಿ, ಮೊದಲ ವಾರ ನೆಂಟರ ಮನೆಗೆ, ಎರಡನೇ ವಾರ ಮದುವೆ ಗೃಹಪ್ರವೇಶಗಳಿಗೆ, ಮೂರನೆಯದು ಅರ್ಧಕ್ಕೆ ನಿಂತ ಮನೆ ಕಟ್ಟಿಸುವುದಕ್ಕೆ, ಕೊನೆಯದು ಹೊರಡುವ ಸಿದ್ಧತೆಗೆ. ಮಗನನ್ನು ಕೇಳಿದರೆ ‘ಅಪ್ಪ ಬಂದಿದ್ದರು, ಚಾಕೊಲೇಟ್ ತಂದಿದ್ದರು’ ಎನ್ನುತ್ತಾನೆ. ಮನೆಯ ನಿಯಮ ಗೊತ್ತಿಲ್ಲದ ಅಪ್ಪ ಮೂರನೇ ದಿನಕ್ಕೆ ‘ಹೊತ್ತು ಮೀರಿ ಯಾಕೆ ಆಡುತ್ತಾನೆ’ ಎಂದು ಗದರುತ್ತಾನೆ, ಇಲ್ಲವೇ ತಾಯಿ ಬೇಡ ಎಂದದ್ದನ್ನೆಲ್ಲ ತೆಗೆಸಿಕೊಟ್ಟು ಒಳ್ಳೆಯವನಾಗುತ್ತಾನೆ. ಎರಡೂ ಹನ್ನೊಂದು ತಿಂಗಳು ಅವಳು ಕಟ್ಟಿದ್ದನ್ನು ಕೆಡವುತ್ತವೆ. ಗಣಿತದ ನೋಟ್‌ಬುಕ್ ಬಂದ ಮನೆಯಲ್ಲಿ ಹೀಗಾಗುವುದು ಕಡಿಮೆ, ಏಕೆಂದರೆ ಯಾವ ನಿಯಮ ಏಕಿದೆ ಎಂದು ಅವನಿಗೆ ಗೊತ್ತು. ಆದರೂ ಮೊದಲ ಹತ್ತು ದಿನ ಗದರುವುದು, ತೆಗೆಸಿಕೊಡುವುದು ಎರಡನ್ನೂ ಬಿಟ್ಟು ಶಾಲೆಗೆ ಬಿಡುವ, ಕರೆತರುವ, ಸ್ನಾನ ಮಾಡಿಸುವ ಕೆಲಸವನ್ನು ಅವನು ಹಿಡಿದರೆ ಸಾಕು; ನೆಂಟರು ಕಾಯಲಿ.

ಇಷ್ಟೆಲ್ಲ ದೂರದಿಂದ ಸಾಧ್ಯವೇ ಎಂದು ಕೇಳುವವರಿಗೆ ಉತ್ತರ ನಮ್ಮ ಜಿಲ್ಲೆಗಳಲ್ಲೇ ಇದೆ. ಮಂಗಳೂರು, ಉಡುಪಿ ಕಡೆಯ ಎಷ್ಟೋ ತಾಯಂದಿರು ಕುವೈತಿನಲ್ಲಿ ನರ್ಸುಗಳಾಗಿ, ಇಸ್ರೇಲಿನಲ್ಲಿ ವೃದ್ಧರನ್ನು ನೋಡಿಕೊಳ್ಳುವವರಾಗಿ ದುಡಿಯುತ್ತಿದ್ದಾರೆ. ಇವರ ವಿಷಯ ಬಂದಾಗ ‘ದಿನಾ ಫೋನ್ ಮಾಡುತ್ತಾರಲ್ಲ’ ಎಂಬ ಸಮಾಧಾನವನ್ನು ಯಾರೂ ಹೇಳುವುದಿಲ್ಲ. ‘ಮಕ್ಕಳನ್ನು ಬಿಟ್ಟು ಹೋಗಲು ಮನಸ್ಸಾದರೂ ಹೇಗೆ ಬಂತು’ ಎನ್ನುತ್ತಾರೆ. ಶ್ರೀಲಂಕಾ ಸರ್ಕಾರವಂತೂ 2013ರಿಂದ ಹಲವು ವರ್ಷ, ಐದು ವರ್ಷದೊಳಗಿನ ಮಕ್ಕಳಿರುವ ತಾಯಂದಿರು ಮನೆಗೆಲಸಕ್ಕೆ ವಿದೇಶಕ್ಕೆ ಹೋಗದಂತೆ ತಡೆದಿತ್ತು. ತಂದೆಯರಿಗೆ ಅಂಥ ತಡೆ ಇರಲಿಲ್ಲ. ಅದೇ ಕರೆ, ಅದೇ ಹಣ, ಅದೇ ರಜೆ ತಂದೆಗೆ ಸಾಕಾಗಿ ತಾಯಿಗೆ ಸಾಲದೆ ಹೋಗುವುದು ಹೇಗೆ? ತಂದೆಯಿಂದ ನಾವು ಏನನ್ನೂ ನಿರೀಕ್ಷಿಸಿರಲಿಲ್ಲ ಎಂಬುದನ್ನೇ ಈ ಎರಡಳತೆ ಒಪ್ಪಿಕೊಳ್ಳುತ್ತದೆ. ರಾಸೆಲ್ ಪರೇನ್ಯಾಸ್ 2005ರಲ್ಲಿ ಬರೆದ ಫಿಲಿಪ್ಪೀನ್ಸ್ ಮಕ್ಕಳ ಅಧ್ಯಯನದಲ್ಲಿ, ತಾಯಿ ಹೊರಟುಹೋದ ಮೇಲೂ ಮನೆಯಲ್ಲಿದ್ದ ತಂದೆಯರು ಹೆಚ್ಚಿನಂಶ ಮಕ್ಕಳ ಆರೈಕೆಗೆ ಕೈ ಹಾಕಲಿಲ್ಲ. ಅಜ್ಜಿ, ಚಿಕ್ಕಮ್ಮ, ದೊಡ್ಡ ಮಗಳು ಅದನ್ನು ಹೊತ್ತರು, ಸಾವಿರಾರು ಮೈಲಿ ದೂರದಿಂದ ತಾಯಿಯೂ ಹೊತ್ತಳು. ಪಾಳಿ ಮುಗಿಸಿ ಬಂದ ನರ್ಸು ಮಲಗುವ ಮುಂಚೆ ಮಗಳ ಯೂನಿಫಾರ್ಮ್ ಚಿಕ್ಕದಾಗಿದೆಯೇ, ನಾಳೆ ಯಾವ ಪರೀಕ್ಷೆ, ಕೆಮ್ಮಿನ ಔಷಧಿ ಮುಗಿಯಿತೇ ಎಂದು ವಿಚಾರಿಸಿ, ಟೀಚರಿಗೆ ಮೆಸೇಜು ಹಾಕುತ್ತಾಳೆ. ಅವಳ ಫೋನು, ಅವಳ ದಣಿವು, ಅವಳ ರೂಮು ಯಾವುದೂ ಜುಬೈಲ್‌ನ ಗಂಡಸಿನದ್ದಕ್ಕಿಂತ ಬೇರೆಯಲ್ಲ.